ಅಣ್ಣಿಗೇರಿಯ ಬುರುಡೆಗಳು: ಸುದ್ದಿ ಎಲ್ಲಿತ್ತು?

ಪತ್ರಿಕಾಗೋಷ್ಠಿಯಲ್ಲಿ ಅಧಿಕಾರಿಗಳು ಮಾತಾಡೋದಕ್ಕೆ ಒಂದು ಕ್ರಮ ಇರ್ತದೆ. ಮೊದಲು ಹಿನ್ನೆಲೆ, ಆಮೇಲೆ ಇಲಾಖೆ ಕೈಗೊಂಡ ಕ್ರಮ, ಕೊನೆಗೆ ಫಲಿತಾಂಶ. ಅದೇ ಸಾಲಿನಲ್ಲಿ ಬರೆದುಕೊಂಡು ಹೋದರೆ ಓದುಗನಿಗೆ ಸಿಗೋದು ವರದಿಯಲ್ಲ, ಸಭೆಯ ನಡಾವಳಿ.

ನಮ್ಮ ಅಣ್ಣಿಗೇರಿಯನ್ನೇ ನೋಡಿ. 2010ರಲ್ಲಿ ಇಲ್ಲಿ ಚರಂಡಿ ಕೆಲಸದ ವೇಳೆ ನೂರಾರು ತಲೆಬುರುಡೆಗಳು ಸಿಕ್ಕವು. ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯ ಕಾರ್ಬನ್ ಪರೀಕ್ಷೆಯಲ್ಲಿ ಅವುಗಳ ವಯಸ್ಸು 638 ವರ್ಷ, 60 ವರ್ಷ ಹಿಂದೆ-ಮುಂದೆ ಆಗಬಹುದು ಅಂತ ಬಂತು. ಇಂಥ ಫಲಿತಾಂಶವನ್ನು ಹೇಳುವ ಗೋಷ್ಠಿಯಲ್ಲಿ ನೀವು ಕೂತಿದ್ದೀರಿ ಅಂದುಕೊಳ್ಳಿ. ಶೀರ್ಷಿಕೆ ಏನು?

‘ಬುರುಡೆಗೆ 638 ವರ್ಷ’ ಅಂತ ಬರೆದರೆ ತಪ್ಪಿಲ್ಲ. ಆದರೆ ಓದುಗ ಕೇಳೋದು ಬೇರೆ: ಇವರೆಲ್ಲ ಯಾರು, ಹೆಂಗ ಸತ್ತರು? ಧಾರವಾಡ ಸೀಮೆಯವರಿಗೆ ಥಟ್ಟನೆ ನೆನಪಾಗೋದು 1791-92ರ ಡೋಗಿ ಬರ. ಹೂಳುವವರಿಲ್ಲದೆ ಬುರುಡೆಗಳು ನೆಲದ ಮೇಲೆ ಬಿದ್ದಿದ್ದವು ಅಂತಲೇ ಅದಕ್ಕೆ ಆ ಹೆಸರು. ಈಗ ಲೆಕ್ಕ ಹಾಕಿ. 2010ರಿಂದ ಆ ಬರಕ್ಕೆ ಸುಮಾರು 220 ವರ್ಷ. 638ರಲ್ಲಿ 60 ಕಳೆದರೂ 578 ಉಳೀತದೆ. ಅಂದಮೇಲೆ ಸುದ್ದಿ ಇದು: ‘ಅಣ್ಣಿಗೇರಿ ಬುರುಡೆಗಳು ಡೋಗಿ ಬರದವಲ್ಲ’. ವೇದಿಕೆಯಿಂದ ಯಾರೂ ಈ ವಾಕ್ಯ ಹೇಳದೇ ಇರಬಹುದು. ಆದರೆ ಅವರು ಕೊಟ್ಟ ಅಂಕಿಯೊಳಗೇ ಅದು ಇದೆ.

ಇನ್ನೊಂದು ಬರ ಇದೆ, 1396ರಿಂದ 1407ರವರೆಗಿನ ದುರ್ಗಾದೇವಿ ಬರ. ‘ಹಾಗಾದರೆ ಅದೇ ಇರಬೇಕು’ ಅಂತ ಬರೆಯೋ ಆಸೆ ಆಗ್ತದೆ. ಅಲ್ಲೇ ನಿಂತು ಒಂದು ಪ್ರಶ್ನೆ ಕೇಳಬೇಕು: ‘ಸರ್, 638 ವರ್ಷ ಅಂದ್ರೆ ಯಾವ ವರ್ಷದಿಂದ ಹಿಂದಕ್ಕೆ?’ ಕಾರಣ, ಕಾರ್ಬನ್ ಲೆಕ್ಕದಲ್ಲಿ ‘ಇಂದು’ ಅಂದರೆ 1950 ಅಂತ ಹಿಡಿಯೋದು ವಾಡಿಕೆ. 2010ರಿಂದ ಎಣಿಸಿದರೆ 1312ರಿಂದ 1432ರ ನಡುವಿನ ಕಾಲ. ದುರ್ಗಾದೇವಿ ಬರ ಒಳಗೆ ಬರ್ತದೆ. 1950ರಿಂದ ಎಣಿಸಿದರೆ 1252ರಿಂದ 1372. ಬರ ಹೊರಗೆ ಉಳೀತದೆ. ಒಂದೇ ಅಂಕಿ, ಎರಡು ಕಥೆ.

ಆ ಉತ್ತರ ಸಿಗೋವರೆಗೂ ಎರಡನೇ ಬರ ಶೀರ್ಷಿಕೆಗೆ ಏರಬಾರದು. ಡೋಗಿ ಬರದ ಮಾತು ಹಾಗಲ್ಲ. ಯಾವ ವರ್ಷದಿಂದ ಎಣಿಸಿದರೂ ಅದು ಹೊರಗೇ. ಹಾಗಾಗಿ ಮೊದಲ ಸಾಲಿನಲ್ಲಿ ಅದು, ಎರಡನೆಯದರಲ್ಲಿ ವಯಸ್ಸು ಮತ್ತು ಪರೀಕ್ಷೆ ಮಾಡಿದ ಸಂಸ್ಥೆ, ಮೂರನೆಯದರಲ್ಲಿ ‘ಸಾವಿಗೆ ಕಾರಣ ಏನೆಂದು ಈ ಪರೀಕ್ಷೆ ಹೇಳುವುದಿಲ್ಲ’ ಅನ್ನೋ ಮಿತಿ. ಸ್ವಾಗತ, ಹಿನ್ನೆಲೆ, ಇಲಾಖೆಯ ಶ್ರಮ? ಜಾಗ ಉಳಿದರೆ ಕೊನೆಗೆ.