ಮೂವತ್ತಕ್ಕೆ ಇಪ್ಪತ್ತೆಂಟು ಬಂದರೂ…

ಕಳೆದ ಆಷಾಢದಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಏಳು ಪುಟದ ಪಿಡಿಎಫ್ ಒಂದು ಬಂತು. ದೊಡ್ಡಪ್ಪನನ್ನು ಬೆಂಗಳೂರಿಗೆ ಕರೆತಂದು ಎರಡು ದಿನ ಕೂರಿಸಿ ಮಾಡಿಸಿದ ನ್ಯೂರೋಸೈಕಾಲಜಿ ಪರೀಕ್ಷೆಯ ರಿಪೋರ್ಟು ಅದು. ಹತ್ತು ನಿಮಿಷದಲ್ಲಿ ಮನೆಯಲ್ಲಿ ಮೂರು ಅಭಿಪ್ರಾಯ. ದೊಡ್ಡಮ್ಮ ಮೊದಲ ಪುಟ ನೋಡಿ, "30ಕ್ಕೆ 28 ಬಂದಿದೆಯಲ್ಲಪ್ಪಾ, ಏನೂ ಇಲ್ಲ ಬಿಡು" ಅಂದರು. ಅವರ ಮಗ, ಅಂದರೆ ನನ್ನ ಅಣ್ಣ, ನಾಲ್ಕನೇ ಪುಟದ ಒಂದು ಸಾಲಿಗೆ ಕೆಂಪು ಗೆರೆ ಎಳೆದು "ನೆನಪಿನ ಶಕ್ತಿ ಕಮ್ಮಿ, ಇದು ಅಲ್ಝೈಮರ್ಸ್" ಅಂತ ಹಾಕಿದ. ಚಿಕ್ಕಪ್ಪ ಮಾತ್ರ, "ಅವನಿಗೆ ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ, ಕೊಬ್ಬು" ಅಂದುಬಿಟ್ಟರು.

ಮೂವರೂ ಓದಿದ್ದು ಅದೇ ಏಳು ಪುಟ. ಸಾಫ್ಟ್‌ವೇರ್ ಕೆಲಸ ಮಾಡೋ ಹುಡುಗ, ನಂಬರ್ ಅರ್ಥವಾಗುತ್ತೆ ಅಂತ ರಿಪೋರ್ಟು ಕೊನೆಗೆ ನನ್ನ ತಲೆಗೆ ಬಂತು. ನಿಜ ಹೇಳಬೇಕೆಂದರೆ ಮೊದಲ ರಾತ್ರಿ ನನಗೂ ಅರ್ಥವಾಗಲಿಲ್ಲ. ಮಾರನೇ ವಾರ ಪರೀಕ್ಷೆ ಮಾಡಿದ ಸೈಕಾಲಜಿಸ್ಟ್ ಮೇಡಂ ಮುಂದೆ ಕೂತು ಒಂದೊಂದೇ ಸಾಲು ಕೇಳಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೊಂದು ರಿಪೋರ್ಟು ಕೈಲಿ ಹಿಡಿದು ಕೂತಿರುವ ಮನೆಗಳು ಇನ್ನೂ ಇರಬಹುದು.

ಮೊದಲು ದೊಡ್ಡಪ್ಪನ ಬಗ್ಗೆ. ವಯಸ್ಸು 57, ತಿಪಟೂರಿನ ಕಡೆ ವಾಣಿಜ್ಯ ವಿಷಯದ ಉಪನ್ಯಾಸಕರು. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿಯೆಲ್ಲ ಕೂತು ಲೆಕ್ಕ ಸರಿಮಾಡುತ್ತಿದ್ದ ಮನುಷ್ಯ. ಎರಡು ವರ್ಷದಿಂದ ಬೇರೆಯೇ ಆದರು. ಅತ್ತೆಯ ಸಾವಿನ ಮನೆಯಲ್ಲಿ ಕೂತು ಕ್ರಿಕೆಟ್ ಸ್ಕೋರ್ ಕೇಳಿದರು. ದಿನಕ್ಕೆ ಅರ್ಧ ಕೆ.ಜಿ. ಸಿಹಿ ತಿನ್ನಲು ಶುರುಮಾಡಿದರು. ಟೀ ಅಂಗಡಿಯಲ್ಲಿ ಪರಿಚಯವಾದ ಯಾರೋ ಒಬ್ಬನ 12 ಲಕ್ಷದ ಸಾಲಕ್ಕೆ ಜಾಮೀನು ಹಾಕುತ್ತೇನೆ ಅಂತ ಒಪ್ಪಿಕೊಂಡು ಬಂದರು. ಸಹಿಗೆ ಇನ್ನೂ ಮೂರು ವಾರ ಇತ್ತು. ನರರೋಗ ತಜ್ಞರು ಚೀಟಿಯಲ್ಲಿ ಬರೆದದ್ದು, ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಇರಬಹುದೇ ನೋಡಿ ಅಂತ. ಮಿದುಳಿನ ಮುಂಭಾಗ ಮತ್ತು ಕಿವಿಯ ಪಕ್ಕದ ಭಾಗ ನಿಧಾನವಾಗಿ ಸವೆಯುವ ಕಾಯಿಲೆ. ಕನ್ನಡದಲ್ಲಿ ಡಿಮೆನ್ಷಿಯಾಕ್ಕೆ ಮರೆಗುಳಿತನ ಅನ್ನುತ್ತೇವಲ್ಲ, ಇಲ್ಲಿ ಆ ಪದವೇ ನಮ್ಮನ್ನು ದಾರಿ ತಪ್ಪಿಸಿತು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಮರ್ಯಾದೆಯ ಅಳತೆ, ವಿವೇಚನೆ, ಇನ್ನೊಬ್ಬರ ನೋವಿನ ಅರಿವು, ನೆನಪು ಅಲ್ಲ.

ಈಗ ದೊಡ್ಡಮ್ಮನ 28. ಅದು ಎಂಎಂಎಸ್‌ಇ ಅನ್ನೋ ಚಿಕ್ಕ ಪರೀಕ್ಷೆ, 30 ಅಂಕದ್ದು. ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ನೆನಪಿಡಿ, 100ರಿಂದ ಏಳೇಳು ಕಳೆಯುತ್ತಾ ಹೋಗಿ, ಈ ಚಿತ್ರ ನೋಡಿ ಬರೆಯಿರಿ, ಇಂಥವು. ಲೆಕ್ಕದ ಮೇಷ್ಟ್ರಿಗೆ 93, 86, 79 ಏನು ಕಷ್ಟ? ಯೋಜನೆ ಹಾಕುವುದು, ತಪ್ಪೆಂದು ತಿಳಿದಾಗ ದಾರಿ ಬದಲಿಸುವುದು, ಬಾಯಿಗೆ ಬಂದದ್ದನ್ನು ತಡೆಯುವುದು ಇವನ್ನು ಈ ಪರೀಕ್ಷೆ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಹಾಗಾಗಿ ಈ ಕಾಯಿಲೆಯ ಶುರುವಿನಲ್ಲಿ 28 ಏನು, 30 ಬಂದರೂ ಬರಬಹುದು. ಆ ಅಂಕೆಯಿಂದ ಸಮಾಧಾನವನ್ನೂ ಪಡಬಾರದು, ಭಯವನ್ನೂ ಪಡಬಾರದು.

ಮುಂದಿನ ಪುಟಗಳಲ್ಲಿ ಅಂಕದ ಜೊತೆಗೆ ಪರ್ಸೆಂಟೈಲ್ ಅಂತ ಒಂದು ಕಾಲಂ ಇತ್ತು. ಅಣ್ಣ ಅಲ್ಲಿ 10 ಅಂತ ನೋಡಿ "ನೂರಕ್ಕೆ ಹತ್ತು, ಫೇಲು" ಅಂದುಕೊಂಡಿದ್ದ. ಅದು ಹಾಗಲ್ಲ. ಅದೇ ವಯಸ್ಸಿನ, ಅಷ್ಟೇ ಓದಿದ ನೂರು ಜನ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ಹಿಂದಿನಿಂದ ಹತ್ತನೆಯವರ ಹತ್ತಿರ ಇವರ ಜಾಗ ಅಂತ ಅರ್ಥ. ದೊಡ್ಡಪ್ಪನಿಗೆ ಕೊಟ್ಟದ್ದು 2004ರಲ್ಲಿ ನಿಮ್ಹಾನ್ಸ್‌ನವರು ಹೊರತಂದ ಪರೀಕ್ಷಾ ಸರಣಿ. ಅದರಲ್ಲಿ ವಯಸ್ಸು, ಓದು, ಹೆಣ್ಣು ಗಂಡು ಎಲ್ಲಕ್ಕೂ ಬೇರೆ ಬೇರೆ ಪಟ್ಟಿ ಇದೆ. 15ನೇ ಪರ್ಸೆಂಟೈಲ್‌ಗಿಂತ ಕೆಳಗೆ ಬಂದರೆ ಕೊರತೆ ಅಂತ ಗುರುತು ಹಾಕುತ್ತಾರೆ. ಎಂ.ಕಾಂ. ಮಾಡಿದ ದೊಡ್ಡಪ್ಪನನ್ನು ಶಾಲೆಯಷ್ಟೇ ಓದಿದವರ ಪಟ್ಟಿಗೆ ಹಾಕಿ ನೋಡಿದರೆ ಅದೇ ಅಂಕ ಚೆನ್ನಾಗಿಯೇ ಕಾಣಬಹುದು. ಯಾವ ಪಟ್ಟಿ ಅಂತ ರಿಪೋರ್ಟಿನಲ್ಲಿ ಬರೆದಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಇಲ್ಲಿ ನನ್ನ ಎಂಜಿನಿಯರ್ ತಲೆಗೆ ಒಂದು ಸಂಶಯ ಬಂತು. ರಿಪೋರ್ಟಿನಲ್ಲಿ 20 ಅಂಕಗಳಿವೆ. ಗೆರೆ ಇರುವುದು 15ರಲ್ಲಿ. ಹಾಗಾದರೆ ಪೂರ್ತಿ ಆರೋಗ್ಯವಂತರಿಗೂ ಸರಾಸರಿ ಮೂರು ಅಂಕ ಗೆರೆಯ ಕೆಳಗೆ ಬರಲೇಬೇಕಲ್ಲ? ಮೇಡಂ ನಕ್ಕು, "ಬಂದೇ ಬರುತ್ತೆ. ಅದಕ್ಕೇ ಒಂದು ಅಂಕಕ್ಕೆ ಕೆಂಪು ಗೆರೆ ಹಾಕಬೇಡಿ ಅನ್ನೋದು. ಕೆಳಗೆ ಬಂದವೆಲ್ಲ ಒಂದೇ ಕಡೆ ಗುಂಪಾಗಿವೆಯಾ ನೋಡಿ" ಅಂದರು. ದೊಡ್ಡಪ್ಪನ ರಿಪೋರ್ಟಿನಲ್ಲಿ ಎಂಟು ಕೆಳಗಿದ್ದವು.

ಅಣ್ಣ ಗೆರೆ ಎಳೆದದ್ದು ಪದಪಟ್ಟಿ ಕಲಿಯುವ ಪರೀಕ್ಷೆಗೆ. 15 ಪದಗಳನ್ನು ಐದು ಸಲ ಓದಿ ಹೇಳುತ್ತಾರೆ, ಪ್ರತಿ ಸಲ ನೆನಪಿದ್ದಷ್ಟು ಹೇಳಬೇಕು. ದೊಡ್ಡಪ್ಪ ಹೇಳಿದ್ದು 4, 6, 7, 7, 8. ಒಟ್ಟು 32, ಅದು 10ನೇ ಪರ್ಸೆಂಟೈಲ್. ಸುಮಾರು ಅರ್ಧ ಗಂಟೆ ಬಿಟ್ಟು ಕೇಳಿದಾಗ 6. ಇದಿಷ್ಟನ್ನೇ ಓದಿದರೆ ಅಣ್ಣನ ಮಾತು ಸರಿ ಅನಿಸುತ್ತೆ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು. ಪಟ್ಟಿಯ ಪದಗಳ ಜೊತೆ ಹೊಸ ಪದಗಳನ್ನು ಬೆರೆಸಿ "ಇದು ಇತ್ತಾ, ಇರಲಿಲ್ವಾ?" ಅಂತ ಕೇಳಿದಾಗ 15ರಲ್ಲಿ 14 ಸರಿಯಾಗಿ ಗುರುತಿಸಿದ್ದರು. ಇಲ್ಲದ ಪದವನ್ನು ಇತ್ತು ಅಂದದ್ದು ಒಂದೇ ಒಂದು.

ಇದನ್ನು ಮೇಡಂ ಅಟ್ಟದ ಉದಾಹರಣೆ ಕೊಟ್ಟು ಹೇಳಿದರು. ಅಟ್ಟದ ಮೇಲೆ ಸಾಮಾನು ಇದೆ, ಆದರೆ ಹುಡುಕಿ ಇಳಿಸಲು ಆಗುತ್ತಿಲ್ಲ. ಎದುರಿಗೆ ತೋರಿಸಿದರೆ "ಹಾಂ, ಇದೇ" ಅನ್ನುತ್ತಾರೆ. ಕೊನೆಗೆ ಕಲಿತ 8 ಪದಗಳಲ್ಲಿ 6 ಅರ್ಧ ಗಂಟೆ ಕಳೆದರೂ ಉಳಿದಿವೆ. ಅಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಸಾಮಾನು ಅಟ್ಟಕ್ಕೆ ಹೋಗಿಯೇ ಇರುವುದಿಲ್ಲ. ಅರ್ಧ ಗಂಟೆಯ ನಂತರ ಒಂದೋ ಸೊನ್ನೆಯೋ ಉಳಿದಿರುತ್ತೆ, ತೋರಿಸಿ ಕೇಳಿದರೆ ಇಲ್ಲದ ಪದಗಳಿಗೂ ಹೌದು ಅನ್ನುತ್ತಾರೆ. ಹುಡುಕಿ ತೆಗೆಯುವುದು ಮುಂಭಾಗದ ಮಿದುಳಿನ ಕೆಲಸ, ಹಾಗಾಗಿ ದೊಡ್ಡಪ್ಪನ "ನೆನಪಿನ ಕೊರತೆ" ನಿಜಕ್ಕೂ ಹುಡುಕಾಟದ ಕೊರತೆ ಇರಬಹುದು. ಇದನ್ನೂ ಬ್ರಹ್ಮಲಿಪಿ ಅಂದುಕೊಳ್ಳಬಾರದು. ಫ್ರಂಟೋಟೆಂಪೊರಲ್ ಇರುವ ಕೆಲವರಿಗೆ ಶುರುವಿನಲ್ಲೇ ನೆನಪು ಪೂರ್ತಿ ಕೈಕೊಡುವುದೂ ಉಂಟಂತೆ.

ಉಳಿದ ಕೆಳಗಿನ ಅಂಕಗಳು ಎಲ್ಲಿದ್ದವು ಗೊತ್ತಾ? ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುವ ಪರೀಕ್ಷೆ ಇದೆ, ಜನರ ಹೆಸರು ಊರಿನ ಹೆಸರು ಹೇಳುವ ಹಾಗಿಲ್ಲ. 'ಪ' ಅಂದರೆ ದೊಡ್ಡಪ್ಪ ಹೇಳಿದ್ದು ಪುಸ್ತಕ, ಪೆನ್ನು, ಪರೀಕ್ಷೆ, ಪ್ರಕಾಶ, ಪುಸ್ತಕ, ಪಾವಗಡ, ಪೇಪರು. ಏಳರಲ್ಲಿ ಲೆಕ್ಕಕ್ಕೆ ಬಂದದ್ದು ನಾಲ್ಕು. ಒಂದು ಪದ ಮತ್ತೆ ಬಂತು, ಎರಡು ಸಲ ನಿಯಮ ಮುರಿದರು. 30 ವರ್ಷ ಪಾಠ ಮಾಡಿದ ಬಾಯಿ ಅದು. ಇನ್ನೊಂದು ಕಾರ್ಡ್ ಜೋಡಿಸುವ ಪರೀಕ್ಷೆ. ಬಣ್ಣ ನೋಡಿ ಜೋಡಿಸಬೇಕೋ ಆಕಾರ ನೋಡಿಯೋ ಅಂತ ಹೇಳಿಕೊಡುವುದಿಲ್ಲ, ಸರಿ ತಪ್ಪು ಅಂತಷ್ಟೇ ಹೇಳುತ್ತಾರೆ. ನಡುವೆ ಸದ್ದಿಲ್ಲದೆ ನಿಯಮ ಬದಲಾಗುತ್ತೆ. ಸಾಮಾನ್ಯವಾಗಿ ನಾವು ಮೂರ್ನಾಲ್ಕು ಸಲ ತಪ್ಪಾದ ಮೇಲೆ ಬೇರೆ ದಾರಿ ನೋಡುತ್ತೇವೆ. ದೊಡ್ಡಪ್ಪ "ತಪ್ಪು" ಅಂತ ಕೇಳುತ್ತಲೇ ಬಣ್ಣಕ್ಕೇ ಜೋಡಿಸುತ್ತಾ ಹೋದರು. 3ನೇ ಪರ್ಸೆಂಟೈಲ್. ಅದೇ ವೇಳೆ, ಜಟಿಲ ರೇಖಾಚಿತ್ರ ನೋಡಿ ಬರೆಯುವುದರಲ್ಲಿ 36ಕ್ಕೆ 33. ಕಣ್ಣು ಕೈ ಜಾಗದ ಅಂದಾಜು ಎಲ್ಲ ಭದ್ರ.

ಕೆಳಗೆ ಬಿದ್ದವು ಒಂದು ಮೂಲೆಯಲ್ಲಿ, ಉಳಿದವು ಗಟ್ಟಿ. ಈ ಆಕಾರವೇ ಮೇಡಂ ಹುಡುಕುತ್ತಿದ್ದದ್ದು. 2011ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಈ ಕಾಯಿಲೆಯ ನಡವಳಿಕೆ ಬಗೆಗೆ ಆರು ಲಕ್ಷಣಗಳನ್ನು ಹೇಳಿತು. ಹತೋಟಿ ತಪ್ಪುವುದು, ನಿರಾಸಕ್ತಿ, ಸಹಾನುಭೂತಿ ಇಲ್ಲವಾಗುವುದು, ಮಾಡಿದ್ದನ್ನೇ ಮಾಡುವುದು, ತಿನ್ನುವ ರೀತಿ ಬದಲಾಗುವುದು. ಆರನೆಯದು ಪರೀಕ್ಷೆಯ ಈ ಆಕಾರ. ಮೂರು ಇದ್ದರೆ "ಇರಬಹುದು" ಅನ್ನುವ ಮಟ್ಟ. ಗಮನಿಸಿ, ಆರರಲ್ಲಿ ಅಂಕಗಳಿಂದ ಸಿಗುವುದು ಒಂದೇ. ಮಿಕ್ಕ ಐದಕ್ಕೆ ಮನೆಯವರ ಬಾಯಿಯೇ ಗತಿ.

ಎಡವಟ್ಟು ಆಗುವುದು ಅಲ್ಲೇ. ಮೊದಲ ದಿನ ದೊಡ್ಡಪ್ಪನ ಪಕ್ಕದಲ್ಲೇ ಕೂರಿಸಿ ಕೇಳಿದಾಗ ದೊಡ್ಡಮ್ಮ, "ಸ್ವಲ್ಪ ಸಿಟ್ಟು ಜಾಸ್ತಿ, ಅಷ್ಟೇ" ಅಂದಿದ್ದರು. ಗಂಡನ ಮರ್ಯಾದೆ ನೋಡಿ. ಎರಡನೇ ದಿನ ಮೇಡಂ ಅವರನ್ನು ಒಬ್ಬರನ್ನೇ ಬೇರೆ ಕೋಣೆಗೆ ಕರೆದರು. ಮುಕ್ಕಾಲು ಗಂಟೆ ಆದ ಮೇಲೆ ಕಣ್ಣೊರೆಸಿಕೊಂಡು ಹೊರಗೆ ಬಂದರು. ಸಾವಿನ ಮನೆ, ಸಿಹಿ, ಜಾಮೀನು ಎಲ್ಲ ರಿಪೋರ್ಟಿಗೆ ಬಂದದ್ದು ಆಮೇಲೆ.

ಚಿಕ್ಕಪ್ಪನ "ಕೊಬ್ಬು" ಮತ್ತು ನನ್ನ ಒಳಗಿದ್ದ "ಖಿನ್ನತೆ ಇರಬಹುದಾ" ಅನ್ನೋ ಪ್ರಶ್ನೆ ಎರಡಕ್ಕೂ ಉತ್ತರ ಇದ್ದದ್ದು ನಾವ್ಯಾರೂ ಓದದೆ ಬಿಟ್ಟ ಎರಡನೇ ಪುಟದಲ್ಲಿ, ಪರೀಕ್ಷೆಯ ವೇಳೆ ಕಂಡದ್ದು ಅನ್ನುವ ಪ್ಯಾರಾದಲ್ಲಿ. ಖಿನ್ನತೆಯಲ್ಲೂ ಅಕ್ಷರದ ಪದಗಳು ಕಡಿಮೆಯಾಗುತ್ತವೆ. ಆದರೆ ಅವರು ಹೆಚ್ಚಾಗಿ ನಿಧಾನ, "ಗೊತ್ತಿಲ್ಲ, ಆಗಲ್ಲ" ಅನ್ನುತ್ತಾರೆ, ತಪ್ಪಿಗೆ ನೊಂದುಕೊಳ್ಳುತ್ತಾರೆ. ದೊಡ್ಡಪ್ಪ ಪಟಪಟ ಉತ್ತರ ಕೊಟ್ಟು, ತಪ್ಪಿಗೆ ನಕ್ಕು, ಮೇಡಂ ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣ ಕೇಳದೆ ಬಿಚ್ಚಿ ತಿಂದಿದ್ದರು. ನಿದ್ದೆ ಸರಿ ಇತ್ತು, ಕಿವಿ ಕೇಳುತ್ತಿತ್ತು, ಥೈರಾಯ್ಡ್ ಬಿ12 ನೋಡಿ ಆಗಿತ್ತು ಅಂತಲೂ ಅಲ್ಲೇ ಬರೆದಿತ್ತು. ಇವು ಯಾವುದು ಕೆಟ್ಟಿದ್ದರೂ ಅಂಕ ಬೀಳುತ್ತೆ, ಹಾಗಾಗಿ ಕಾಲಂಗಿಂತ ಮೊದಲು ಈ ಪ್ಯಾರಾ ಓದಬೇಕಿತ್ತು.

ಕೊನೆಯ ಸಾಲಿನಲ್ಲಿ ಮೇಡಂ ಬರೆದದ್ದು, "ಈ ಚಿತ್ರಣವು ಸದರಿ ಕಾಯಿಲೆಗೆ ಹೊಂದುತ್ತದೆ" ಅಂತ. ಇದೆ ಅಂತ ಅಲ್ಲ. ಅಣ್ಣನಿಗೆ ಅದು ಜಾರಿಕೊಳ್ಳೋ ಮಾತು ಅನಿಸಿತು, ನನಗೆ ಪ್ರಾಮಾಣಿಕ ಅನಿಸಿತು. ನಂತರದ ಎಂಆರ್‌ಐನಲ್ಲಿ ಮುಂಭಾಗ ಬಲಗಡೆ ಹೆಚ್ಚು ಸವೆದದ್ದು ಕಂಡಿತು. ಆಗ ನರರೋಗ ತಜ್ಞರು "ಇರಬಹುದು"ವನ್ನು "ಬಹುತೇಕ ಇದೆ"ಗೆ ಏರಿಸಿದರು.

ಜಾಮೀನಿನ ಸಹಿ ಆಗಲಿಲ್ಲ. ಅಣ್ಣನೇ ರಿಪೋರ್ಟಿನ ಪ್ರತಿ ಹಿಡಿದು ಸಾಲ ಕೊಡುವವರ ಹತ್ತಿರ ಹೋಗಿ ಮಾತಾಡಿ ಬಂದ. ದೊಡ್ಡಪ್ಪನ ಖಾತೆಗೆ ದೊಡ್ಡಮ್ಮನ ಹೆಸರೂ ಸೇರಿ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯದ ಹಾಗೆ ಆಯಿತು. ಫಾರಂಗೆ ದೊಡ್ಡಪ್ಪ ತಕರಾರಿಲ್ಲದೆ ಸಹಿ ಹಾಕಿ, "ಮೈಸೂರು ಪಾಕು ತಂದ್ಯಾ?" ಅಂದರು. ಮುಂದಿನ ಆಷಾಢಕ್ಕೆ ಮತ್ತೆ ಪರೀಕ್ಷೆ ಇದೆ. ಹಳೇ ಪದಗಳು ನೆನಪಿದ್ದು ಅಂಕ ಸುಮ್ಮನೆ ಏರಬಾರದು ಅಂತ ಆಗ ಬೇರೆ ಪದಪಟ್ಟಿ ಕೊಡುತ್ತಾರಂತೆ.