ಕೆಲಸ ಒಪ್ಪಿಗೆಯಾಯಿತು, ಹಂತದ ಹಣ ಯಾವಾಗ?

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಆಟೊಮೇಶನ್ ಸಂಸ್ಥೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ದೊಡ್ಡ ಕಾರ್ಖಾನೆಯೊಂದಕ್ಕೆ ಕಂಟ್ರೋಲ್ ಪ್ಯಾನೆಲ್ ಮಾಡಿ ಕೂರಿಸುವ 10 ಲಕ್ಷ ರೂಪಾಯಿಯ ಕೆಲಸ ಅದಕ್ಕೆ ಸಿಕ್ಕಿದೆ. ಮುಂಗಡ ಬಂದಿದೆ, ವಿನ್ಯಾಸ ಒಪ್ಪಿಗೆಯಾದಾಗಿನ ಕಂತೂ ಬಂದಿದೆ. ಪ್ಯಾನೆಲ್ ಚಾಲೂ ಆಗಿ, ಗ್ರಾಹಕರು ಒಪ್ಪಿದ ಮೇಲೆ ಶೇ 40ರಷ್ಟು ಕೊಡಬೇಕೆಂದು ಒಪ್ಪಂದದಲ್ಲಿದೆ. ಅಂದರೆ 4 ಲಕ್ಷ, ಅದರ ಮೇಲೆ ಶೇ 18ರ ಜಿಎಸ್‌ಟಿ 72,000, ಒಟ್ಟು 4,72,000 ರೂಪಾಯಿ.

ಜೂನ್ 3ರಂದು ಪ್ಯಾನೆಲ್ ಓಡಿತು. ಕಾರ್ಖಾನೆಯ ಎಂಜಿನಿಯರ್ 'ಚೆನ್ನಾಗಿದೆ, ಬಿಲ್ ಕಳಿಸಿ' ಎಂದು ಫೋನಿನಲ್ಲಿ ಹೇಳಿದರು. ಹೆಚ್ಚಿನ ತೊಂದರೆಗಳು ಶುರುವಾಗುವುದು ಇಲ್ಲಿಂದಲೇ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಬಿಲ್ ಹೋಗುತ್ತದೆ. ಅಕೌಂಟ್ಸ್ ವಿಭಾಗದಲ್ಲಿ ಕೂತವರಿಗೆ ಪ್ಯಾನೆಲ್ ಓಡಿದ್ದು ಕಾಣುವುದಿಲ್ಲ. ಅವರು ನೋಡುವುದು ಮೂರು ಕಾಗದ: ಪರ್ಚೇಸ್ ಆರ್ಡರ್, ಕೆಲಸ ಸ್ವೀಕರಿಸಿದ ದಾಖಲೆ, ಬಿಲ್. ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ಬಿಲ್ ಪಕ್ಕಕ್ಕೆ ಸರಿಯುತ್ತದೆ. ಎಂಜಿನಿಯರ್ ಸಹಿ ಹಾಕಿಯೂ ತಮ್ಮ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆ ಸ್ವೀಕೃತಿಯನ್ನು ದಾಖಲಿಸದಿದ್ದರೆ ಆಗುವುದೂ ಅದೇ. ಹಾಗಾಗಿ ಹಣ ಕೇಳುವ ಮೊದಲು ಆ ದಾಖಲೆಯ ಸಂಖ್ಯೆ ಕೇಳಿ ಪಡೆಯಬೇಕು. ಸಂಖ್ಯೆ ಇಲ್ಲವೆಂದರೆ ಬಿಲ್ ಇನ್ನೂ ಪಾವತಿಯ ಸಾಲಿಗೇ ಸೇರಿಲ್ಲ ಎಂದರ್ಥ.

ನಮ್ಮ ಉದಾಹರಣೆಯಲ್ಲಿ ಜೂನ್ 10ರಂದು ಕಾರ್ಖಾನೆ ಇಮೇಲ್‌ನಲ್ಲಿ ಎರಡು ಕೊರತೆ ತೋರಿಸಿತು. ಒಂದು ಅಲಾರ್ಮ್ ಕೆಲಸ ಮಾಡುತ್ತಿಲ್ಲ, ಕೇಬಲ್‌ಗಳಿಗೆ ಗುರುತಿನ ಚೀಟಿ ಇಲ್ಲ. ಎರಡನ್ನೂ ಸರಿಪಡಿಸಿ ಜೂನ್ 14ರಂದು ಸಹಿ ಪಡೆದದ್ದಾಯಿತು. ಈ 14ನೇ ತಾರೀಖು ಬಹಳ ಮುಖ್ಯ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕೆಲಸ ಒಪ್ಪಿಸಿದ 15 ದಿನದೊಳಗೆ ಗ್ರಾಹಕರು ಲಿಖಿತ ಆಕ್ಷೇಪ ಎತ್ತಿದರೆ, ಅದು ನಿವಾರಣೆಯಾದ ದಿನವೇ ಸ್ವೀಕೃತಿಯ ದಿನ. 15 ದಿನ ಏನೂ ಬರೆಯದೆ ಸುಮ್ಮನಿದ್ದರೆ, ಕೆಲಸ ಒಪ್ಪಿಸಿದ ದಿನವೇ ಒಪ್ಪಿದರು ಎಂದಾಗುತ್ತದೆ. ತಿಂಗಳ ನಂತರ ಹೊಸ ದೋಷ ಹುಡುಕಿ ಪಾವತಿ ತಡೆಯುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇರೆ ಇಲ್ಲ.

ಒಪ್ಪಂದದಲ್ಲಿ 30 ದಿನ ಎಂದಿದ್ದರೆ ಜುಲೈ 14ರೊಳಗೆ ಹಣ ಬರಬೇಕು. 90 ದಿನ ಎಂದು ಬರೆಸಿಕೊಂಡಿದ್ದರೂ ಕಾಯ್ದೆ 45 ದಿನಕ್ಕಿಂತ ಹೆಚ್ಚು ಬಿಡುವುದಿಲ್ಲ. ಆಗ ಕೊನೆಯ ದಿನ ಜುಲೈ 29. ಈ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ, ಮಧ್ಯಮ ಉದ್ಯಮಕ್ಕಿಲ್ಲ. ಒಪ್ಪಂದಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಂಡರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ.

ಪತ್ರ ಉದ್ದವಿರಬೇಕಿಲ್ಲ. ಹೀಗೆ ಬರೆದರೆ ಸಾಕು: 'ಮಾನ್ಯರೇ, ನಿಮ್ಮ ಪರ್ಚೇಸ್ ಆರ್ಡರ್‌ನ ಮೂರನೇ ಹಂತದ ಕೆಲಸ ಮುಗಿದು, ಜೂನ್ 14ರಂದು ತಮ್ಮ ಎಂಜಿನಿಯರ್ ಸ್ವೀಕೃತಿ ಪತ್ರಕ್ಕೆ ಸಹಿ ಮಾಡಿದ್ದಾರೆ. ಪ್ರತಿ ಲಗತ್ತಿಸಿದೆ. ಒಪ್ಪಂದದಂತೆ 4,72,000 ರೂಪಾಯಿಯನ್ನು ಜುಲೈ 14ರೊಳಗೆ ಬಿಡುಗಡೆ ಮಾಡಬೇಕೆಂದು ವಿನಂತಿ. ಬಿಲ್‌ನಲ್ಲಿ ಏನಾದರೂ ಕೊರತೆಯಿದ್ದರೆ ಈ ವಾರವೇ ತಿಳಿಸಿ.' ಜೊತೆಗೆ ಆರ್ಡರ್ ಮತ್ತು ಸ್ವೀಕೃತಿಯ ಸಂಖ್ಯೆ, ಬ್ಯಾಂಕ್ ಖಾತೆ ವಿವರ, ಉದ್ಯಮ್ ಸಂಖ್ಯೆ ಇರಲಿ. ಅಕೌಂಟ್ಸ್‌ಗೆ ಕಳಿಸುವಾಗ ಎಂಜಿನಿಯರ್‌ಗೂ ಒಂದು ಪ್ರತಿ ಹೋಗಬೇಕು, ಏಕೆಂದರೆ ಅಕೌಂಟ್ಸ್‌ನವರ ಮೊದಲ ಪ್ರಶ್ನೆ ಹೋಗುವುದು ಅವರ ಬಳಿಗೇ. ಕೊನೆಯ ಸಾಲನ್ನಂತೂ ಬಿಡಬಾರದು. 'ಬಿಲ್ ತಪ್ಪಾಗಿತ್ತು' ಎಂಬ ಉತ್ತರ ಜುಲೈನಲ್ಲಿ ಬರುವ ಬದಲು ಜೂನ್‌ನಲ್ಲೇ ಬರುವಂತೆ ಮಾಡುವುದು ಅದೇ.

ಬಿಲ್ ಕಳಿಸಲು ತಡಮಾಡುವಂತೆಯೂ ಇಲ್ಲ. ಮುಂದುವರಿಯುವ ಸೇವೆಯಲ್ಲಿ ಪಾವತಿಯನ್ನು ಒಂದು ಹಂತ ಮುಗಿಯುವುದಕ್ಕೆ ಜೋಡಿಸಿದ್ದರೆ, ಆ ಹಂತ ಮುಗಿದ ದಿನದೊಳಗೇ ಬಿಲ್ ಕೊಡಬೇಕೆಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ತಿಂಗಳ ರಿಟರ್ನ್ ಸಲ್ಲಿಸುವವರು ಆ 72,000 ರೂಪಾಯಿಯ ಲೆಕ್ಕವನ್ನು ಜುಲೈ 20ರೊಳಗೆ ಚುಕ್ತಾ ಮಾಡಬೇಕು. ಗ್ರಾಹಕರ ಹಣ ಬಾರದಿದ್ದರೂ ಈ ಗಡುವು ಕಾಯುವುದಿಲ್ಲ. ಸಣ್ಣ ಸಂಸ್ಥೆಯನ್ನು ಹಿಂಡುವುದು ಇದೇ.

ಗಡುವು ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಸಲ್ಲಬೇಕು. ದರ ಶೇ 6 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ 18. ನಮ್ಮ ಲೆಕ್ಕದಲ್ಲಿ ಮೊದಲ ತಿಂಗಳು 7,080 ರೂಪಾಯಿ, ಎರಡನೇ ತಿಂಗಳು ಸುಮಾರು 7,186. ಇನ್ನೊಂದು ಒತ್ತಡವೂ ಇದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಕಾಯ್ದೆಯ ಗಡುವು ಮೀರಿ ಬಾಕಿ ಉಳಿಸಿಕೊಂಡ ಇಂಥ ಮೊತ್ತವನ್ನು ಗ್ರಾಹಕರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚು ಎಂದು ತೋರಿಸಬಹುದು. ಮಾರ್ಚ್‌ ಹತ್ತಿರವಾದಾಗ ಇದನ್ನು ಸೌಜನ್ಯದಿಂದ ನೆನಪಿಸಿದರೆ ಅಕೌಂಟ್ಸ್ ವಿಭಾಗ ಕಿವಿಗೊಡುತ್ತದೆ.

ಅದಕ್ಕೂ ಬಗ್ಗದಿದ್ದರೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಅಲ್ಲಿ ಮೊದಲು ರಾಜಿ ಸಂಧಾನ ನಡೆಯುತ್ತದೆ, ಫಲಿಸದಿದ್ದರೆ ಮಧ್ಯಸ್ಥಿಕೆ. ಮಂಡಳಿಯ ಆದೇಶವನ್ನು ರದ್ದುಪಡಿಸಬೇಕೆಂದು ಗ್ರಾಹಕರು ಕೋರ್ಟಿಗೆ ಹೋಗುವುದಾದರೆ, ಆದೇಶದ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು.