‘ಅಂತ’ ಬರೋತನಕ ಕತ್ತರಿ ತಡಿ

ಆ ನೋಟ್‌ಬುಕ್ಕಿನ ಹಾಳೆ ತೆರೆದರೆ ಮೊದಲಿಗೆ ಮರಾಠಿ ಎನಿಸುತ್ತದೆ. ಅಕ್ಷರ ದೇವನಾಗರಿ. ಬಾಯಿಬಿಟ್ಟು ಓದಿದರೆ ಮಾತ್ರ ಅದು ಅಪ್ಪಟ ಗಡಿಸೀಮೆಯ ಕನ್ನಡ ಎಂದು ತಿಳಿಯುತ್ತದೆ. ಬರೆದವರು ಉಮರ್ಗಾ ಸೀಮೆಯ ಹೆಣ್ಣುಮಗಳು. ಮನೆಯ ಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ಮದುವೆ ವಿಡಿಯೊ ಜೋಡಿಸುವುದು ಹೊಟ್ಟೆಪಾಡು. ಬಿಡುವಾದಾಗ ಊರಿನ ಹಿರಿಯರ ಉದ್ದುದ್ದ ಭಾಷಣಗಳನ್ನು ಮೂರು ನಿಮಿಷಕ್ಕೆ ಇಳಿಸುವ ಸ್ಕ್ರಿಪ್ಟ್ ಬರೆಯುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ‘ಅಕ್ಕ’ ಎಂದೇ ಕರೆಯೋಣ.

ನಾನು ನೋಡಲು ಹೋದದ್ದು ಒಂದೇ ಭಾಷಣದ ಕೆಲಸ. ಸಾಸ್ತೂರದಲ್ಲಿ ನಿವೃತ್ತ ಮಾಸ್ತರರೊಬ್ಬರು 1993ರ ಭೂಕಂಪದ ಬಗ್ಗೆ ಹುಡುಗರೆದುರು ಒಂದು ಗಂಟೆ ಮೂವತ್ನಾಲ್ಕು ನಿಮಿಷ ಮಾತಾಡಿದ್ದರು. ಆ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು ನೆಲ ನಡುಗಿತು. ಅನಂತ ಚತುರ್ದಶಿಯ ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಹತ್ತಿರದ ಕಿಲ್ಲಾರಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಸಾಸ್ತೂರವೂ ಅದೇ ಸಾಲಿನಲ್ಲಿ ಕುಸಿದ ಊರು. ಸುತ್ತಿನ ಹಳ್ಳಿಗಳೆಲ್ಲ ಸೇರಿ ಸತ್ತವರು ಹತ್ತು ಸಾವಿರದ ಹತ್ತಿರ.

ಅಕ್ಕ ಮೊದಲ ಸಲ ಕೇಳುವಾಗ ಎಲ್ಲಿಯೂ ನಿಲ್ಲಿಸುವುದಿಲ್ಲ. ವಿಷಯ ಹೊರಳಿದ ಕಡೆಯೆಲ್ಲ ನಿಮಿಷವನ್ನಷ್ಟೇ ಗುರುತು ಹಾಕಿಕೊಳ್ಳುತ್ತಾರೆ. ಎರಡನೆಯ ಸಲ ಗುರುತಿನ ಜಾಗಗಳಿಗೆ ಮಾತ್ರ ಹೋಗಿ, ಬೇಕಾದ ತುಣುಕಿನ ಆರಂಭದ ಮತ್ತು ಕೊನೆಯ ಸಮಯ ಬರೆಯುತ್ತಾರೆ. ಸಮಯದ ಪಕ್ಕದಲ್ಲಿ ಮೊದಲ ಮೂರು ಪದ, ಕಡೆಯ ಮೂರು ಪದ ಇರಲೇಬೇಕು. ಮೊಬೈಲಿನಲ್ಲಿ ತೆಗೆದ ವಿಡಿಯೊ ಬೇರೆ ಯಂತ್ರದಲ್ಲಿ ತೆರೆದಾಗ ಒಮ್ಮೊಮ್ಮೆ ಧ್ವನಿ ಚಿತ್ರಕ್ಕಿಂತ ಹಿಂದೆ ಬೀಳುತ್ತದೆ. ಅಂಕಿ ತಪ್ಪಿದರೂ ಕತ್ತರಿಸುವವನಿಗೆ ಪದ ಸಿಗುತ್ತದೆ.

ಇನ್ನೊಂದು ತೊಡಕು ಫೈಲಿನದು. ಹಲವು ಕ್ಯಾಮೆರಾಗಳು ಒಂದು ಫೈಲು 4 ಜಿಬಿ ತುಂಬಿದ ಕೂಡಲೇ ಮುಚ್ಚಿ ಹೊಸದನ್ನು ಶುರು ಮಾಡುತ್ತವೆ, ಹೊಸದರಲ್ಲಿ ಗಡಿಯಾರ ಮತ್ತೆ ಸೊನ್ನೆಯಿಂದ. ಮಾಸ್ತರರ ಭಾಷಣದ ಮೊದಲ ಫೈಲು 47 ನಿಮಿಷ 12 ಸೆಕೆಂಡಿಗೆ ಮುಗಿದಿತ್ತು. ಎರಡನೆಯ ಫೈಲಿನ 18:10 ಎಂದರೆ ಇಡೀ ಭಾಷಣದ ಲೆಕ್ಕದಲ್ಲಿ 1:05:22. ಯಾವ ಲೆಕ್ಕ ಎಂದು ಬರೆಯದೆ ಬರೀ ಸಮಯ ಕೊಟ್ಟರೆ ಬೇರೆಯದೇ ಮಾತು ಕತ್ತರಿಸಿ ಬರುತ್ತದೆ. ಅದಕ್ಕೇ ಅಕ್ಕ ಫೈಲಿಗೊಂದು ಅಕ್ಷರ ಇಟ್ಟಿದ್ದಾರೆ. ಕೊನೆಯ ಸ್ಕ್ರಿಪ್ಟಿನಲ್ಲಿ ಉಳಿದದ್ದು ಆರು ತುಣುಕು:

```
B 05:06-05:29
A 11:05-11:38
A 14:50-15:29
B 18:10-18:38
B 30:55-31:31
B 42:00-42:18
```

ಕೂಡಿದರೆ 177 ಸೆಕೆಂಡು. ಮೂರು ನಿಮಿಷಕ್ಕೆ ಮೂರು ಸೆಕೆಂಡು ಕಮ್ಮಿ, ಹೆಸರಿನ ಫಲಕಕ್ಕೆ ಸಾಕು. ಮೊದಲ ಸಾಲಿಗೆ ಎರಡನೆಯ ಫೈಲಿನ ಮಾತು ಬಂದಿದೆ. ಮಾಸ್ತರರು ಅಲ್ಲಿ ಮನೆಯ ಗೋಡೆಯ ದಪ್ಪ ತೋರಿಸಲು ಎರಡೂ ಕೈ ಅಗಲಿಸುತ್ತಾರೆ. ಆ ಕೈ ನೋಡಿದವರು ಮುಂದೇನು ಎಂದು ಕೂರುತ್ತಾರೆ. ಆ ರಾತ್ರಿಯ ಕಥೆ ಅದರ ನಂತರ.

ಮೂರನೆಯ ತುಣುಕಿನಲ್ಲಿ ಮಾತಿನ ಸಾರವಿದೆ. ಮಾಳಿಗೆ ಮನೆಗಳ ಗೋಡೆ ಎರಡು ಪದರ ಕಲ್ಲಿನದು, ನಡುವೆ ಚೂರುಕಲ್ಲು, ಮಣ್ಣು. ಎರಡೂ ಪದರವನ್ನು ಹಿಡಿದಿಡುವ ಉದ್ದನೆಯ ಅಡ್ಡಕಲ್ಲು ಇರಲಿಲ್ಲ. ಮೇಲೆ ಮರದ ತೊಲೆ, ಅದರ ಮೇಲೆ ವರ್ಷ ವರ್ಷ ಹೇರಿದ ಮಣ್ಣು. ನೆಲ ಅಲುಗಿದಾಗ ಪದರಗಳು ಬೇರೆಯಾಗಿ, ಮೇಲಿನ ಭಾರವೆಲ್ಲ ಮಲಗಿದವರ ಮೇಲೆ ಬಂತು. ಮಾಸ್ತರರು ಇದನ್ನು ‘ಅದಕ್ಕೇ ಅವೆಲ್ಲಾ ಬಿದ್ದೂ’ ಎಂದು ಮುಗಿಸಿದರು. ಆ ವಾಕ್ಯ ಜೋರಾಗಿದೆ, ಅದರಿಂದಲೇ ಶುರು ಮಾಡೋಣ ಎನಿಸುತ್ತದೆ. ಆದರೆ ‘ಅವು’ ಯಾವುವು? ಅಕ್ಕ ಹಿಂದಕ್ಕೆ ಸರಿಯುತ್ತಾ ‘ಗ್ವಾಡಿ’ ಎಂಬ ಪದ ಬರುವವರೆಗೂ ಹೋದರು. ತುಣುಕು 39 ಸೆಕೆಂಡಾಯಿತು, ಆರರಲ್ಲಿ ಎಲ್ಲಕ್ಕಿಂತ ಉದ್ದ.

ನಾಲ್ಕನೆಯದು ನನ್ನನ್ನು ತುಂಬ ಹೊತ್ತು ಹಿಡಿದು ಕೂರಿಸಿತು. 18:10ಕ್ಕೆ ಮಾಸ್ತರರು ಹೇಳುತ್ತಾರೆ: ‘ಊರ ಪಾಪ ಮಾಡಿತ್ತು, ದೇವರ ಸಿಟ್ಟಿನಿಂದ ಹಿಂಗಾತು.’ 18:19ಕ್ಕೆ ಮಾತು ನಿಲ್ಲುತ್ತದೆ. ಮೂರು ಸೆಕೆಂಡು ಮೌನ. ಆಮೇಲೆ, ‘ಅಂತ ಜನಾ ಮಾತಾಡ್ಲಿಕ್ಕತ್ತಿದ್ರು.’ ಮತ್ತೆ ಉಸಿರೆಳೆದು, ‘ಪಾಪ ಊರಿಂದಲ್ಲ, ಗ್ವಾಡಿದು.’ ಯಾರೋ ಮೊದಲ ಒಂಬತ್ತು ಸೆಕೆಂಡನ್ನಷ್ಟೇ ಕತ್ತರಿಸಿ ಮೊಬೈಲಿನಿಂದ ಮೊಬೈಲಿಗೆ ಹರಿಬಿಟ್ಟಿದ್ದರು. ಮನೆಯವರನ್ನು ಕಳೆದುಕೊಂಡವರು ಅದನ್ನು ಕೇಳಿ ನೊಂದರು, ಮಾಸ್ತರರ ಬಾಗಿಲಿಗೇ ಬಂದರು.

ಕನ್ನಡದ ವಾಕ್ಯದಲ್ಲಿ ಮಾತು ಯಾರದ್ದು ಎಂಬುದೂ, ಹೌದೋ ಅಲ್ಲವೋ ಎಂಬುದೂ ಬಾಲದಲ್ಲಿರುತ್ತದೆ. ‘ಅಂತ’, ‘ಅಲ್ಲ’, ‘ಇಲ್ಲ’ ಬರುವ ಮೊದಲೇ ಕತ್ತರಿ ಬಿದ್ದರೆ ಯಾರದೋ ಮಾತು ಹೇಳಿದವರ ತಲೆಗೆ ಕಟ್ಟಿದಂತೆ. ಹಾಗಾಗಿ ಅಕ್ಕ ತುಣುಕಿನ ಆರಂಭಕ್ಕಿಂತ ಅಂತ್ಯದ ಸಮಯಕ್ಕೇ ಹೆಚ್ಚು ಹೊತ್ತು ಕೊಡುತ್ತಾರೆ. ವಾಕ್ಯ ಮುಗಿದಂತೆ ಕಂಡ ಮೇಲೂ ಇನ್ನೂ ಹತ್ತು ಸೆಕೆಂಡು ಕೇಳುವುದು ಅವರ ನೇಮ. ನಡುವಿನ ಮೌನವನ್ನೂ ಕತ್ತರಿಸಲಿಲ್ಲ. ಸಮಯ ಉಳಿಸಲು ಅದು ಸುಲಭದ ಜಾಗವಾಗಿತ್ತು. ಆದರೆ ಮಾಸ್ತರರು ಆ ಮಾತನ್ನು ತೂಗಿ ಹೇಳಿದರು ಎನ್ನುವುದು ಆ ಮೂರು ಸೆಕೆಂಡಿನಿಂದಲೇ ಗೊತ್ತಾಗುವುದು.

ಸ್ಕ್ರಿಪ್ಟ್ ಮುಗಿದ ದಿನ ಅಕ್ಕ ಅದನ್ನು ಮಾಸ್ತರರಿಗೆ ಓದಿ ಹೇಳಿದರು. ‘ಗುರೂಜಿ, ಈ ಮಾತ ಇಡಲೇನ್ರಿ?’ ‘ಇಡವ್ವಾ, ಹಿಂದಿಂದೂ ಮುಂದಿಂದೂ ಕೂಡಿಸಿ ಇಡು.’

ಕಂಪ್ಯೂಟರಿನ ಕೆಲಸದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಕೊನೆಯ ಪದದ ಸ್ವರ ಪೂರ್ತಿ ಇಳಿಯಲು ಅರ್ಧ ಸೆಕೆಂಡು ಬಿಡಬೇಕು. ಹಿಂದೆ ಫ್ಯಾನು ತಿರುಗುತ್ತಿದ್ದರೆ ಯಾರೂ ಮಾತಾಡದ ಗಳಿಗೆಯ ಫ್ಯಾನಿನ ಸದ್ದನ್ನು ತೆಗೆದಿಟ್ಟು ಜೋಡಣೆಗಳ ಕೆಳಗೆ ಹಾಸಬೇಕು, ಇಲ್ಲದಿದ್ದರೆ ಕತ್ತರಿ ಬಿದ್ದ ಜಾಗ ಕಿವಿಗೆ ಚುಚ್ಚುತ್ತದೆ. ಆಕಾಶವಾಣಿಯಲ್ಲಿ ದುಡಿದ ಹಿರಿಯರೊಬ್ಬರು ಹೇಳಿದ್ದು ನೆನಪಾಯಿತು: ಆಗ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದರು. ಕೊಯ್ದ ಟೇಪನ್ನು ಕಾರ್ಯಕ್ರಮ ಪ್ರಸಾರವಾಗುವ ತನಕ ಕೊರಳಿಗೆ ಹಾಕಿಕೊಂಡೇ ಇರುತ್ತಿದ್ದರಂತೆ. ಮತ್ತೆ ಬೇಕಾದೀತು ಎಂದು.

ಈಗ ಕೊಯ್ದದ್ದು ಉಳಿಯುವುದಿಲ್ಲ. ಮೂರು ನಿಮಿಷದ ರೀಲು ಮನೆಮನೆ ತಲುಪಿದ ಮೇಲೆ ಉದ್ದದ ರೆಕಾರ್ಡಿಂಗ್ ಯಾರಿಗೂ ಬೇಡ. ಮೊಬೈಲಿನಲ್ಲಿ ಜಾಗ ಇಲ್ಲವೆಂದು ಅಳಿಸುತ್ತಾರೆ. ಅಕ್ಕ ಪ್ರತಿ ತುಣುಕಿನ ಮೂಲೆಯಲ್ಲಿ ಇಡೀ ಭಾಷಣದ ಸಮಯವನ್ನು ಸಣ್ಣದಾಗಿ ಕಾಣಿಸುತ್ತಾರೆ, ಅನುಮಾನ ಬಂದವರು ಮೂಲಕ್ಕೆ ಹೋಗಿ ನೋಡಲಿ ಎಂದು. ಹೋಗಲು ಮೂಲ ಇರಬೇಕಲ್ಲ. ಊರಿನ ಗ್ರಂಥಾಲಯವೋ ಶಾಲೆಯೋ ಒಂದು ಡಿಸ್ಕ್ ಇಟ್ಟುಕೊಂಡರೆ ಇಂಥ ಎಷ್ಟೋ ಭಾಷಣ ಉಳಿದಾವು. ಭೂಕಂಪ ಕಂಡು ಬದುಕಿದವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಸದ್ಯ ಮಾಸ್ತರರ ಭಾಷಣದ ಎರಡನೆಯ ಫೈಲು ಅವರ ಮಗನ ಬಳಿಯೂ ಇದೆ. ಮೊದಲನೆಯದು ಅಕ್ಕನ ಡಿಸ್ಕಿನಲ್ಲಿ ಮಾತ್ರ, ಮದುವೆ ವಿಡಿಯೊಗಳ ನಡುವೆ.